ಕಾರ್‌ಪೂಲ್ ಲೆಕ್ಕ: ಪೆಟ್ರೋಲ್ ಬಿಲ್ಲನ್ನು ನಾಲ್ಕು ಪಾಲು ಮಾಡಿದರೆ ಸಾಲದು

ಒಂದೇ ಆಫೀಸಿನ ನಾಲ್ವರು ಒಬ್ಬರ ಕಾರಿನಲ್ಲಿ ದಿನಾ ಹೋಗಿಬರುತ್ತಾರೆ. ತಿಂಗಳ ಕೊನೆಗೆ ಪೆಟ್ರೋಲ್ ಬಿಲ್ಲುಗಳನ್ನು ಕೂಡಿಸಿ ನಾಲ್ಕು ಪಾಲು ಮಾಡುತ್ತಾರೆ. ಲೆಕ್ಕ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಆ ಬಿಲ್ಲುಗಳಲ್ಲಿ ಕಾರಿನವರು ಭಾನುವಾರ ಮನೆಮಂದಿಯ ಜೊತೆ ಸುತ್ತಾಡಿದ ಪೆಟ್ರೋಲ್ ಕೂಡ ಸೇರಿರುತ್ತದೆ. ಟೈರು ಸವೆದದ್ದು ಅದರಲ್ಲಿ ಇರುವುದಿಲ್ಲ. ಆರು ದಿನ ರಜೆ ಹಾಕಿದವರೂ ಒಂದು ದಿನವೂ ತಪ್ಪಿಸದವರೂ ಒಂದೇ ಮೊತ್ತ ಕೊಡುತ್ತಾರೆ. ಮೊದಲ ಎರಡು ತಿಂಗಳು ಯಾರೂ ಇದನ್ನು ಗಮನಿಸುವುದಿಲ್ಲ. ಮೂರನೇ ತಿಂಗಳ ಹೊತ್ತಿಗೆ ಒಬ್ಬೊಬ್ಬರ ಮನಸ್ಸಿನಲ್ಲೂ ಒಂದೊಂದು ಗುಸುಗುಸು ಶುರುವಾಗುತ್ತದೆ.

ಇದನ್ನು ಸರಿಯಾಗಿ ಮಾಡಲು ದೊಡ್ಡ ಗಣಿತವೇನೂ ಬೇಕಿಲ್ಲ. ಆದರೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಪೂಲ್‌ಗಾಗಿ ಕಾರು ಓಡಿದ್ದಕ್ಕೆ ಒಟ್ಟು ಎಷ್ಟು ಖರ್ಚಾಯಿತು ಎಂಬುದು ಒಂದು. ಅದನ್ನು ಯಾರ ಯಾರ ತಲೆಗೆ ಎಷ್ಟೆಷ್ಟು ಹಾಕಬೇಕು ಎಂಬುದು ಇನ್ನೊಂದು. ಹೆಚ್ಚಿನ ಮನಸ್ತಾಪಗಳು ಹುಟ್ಟುವುದು ಈ ಎರಡನ್ನೂ ಒಟ್ಟಿಗೆ ಕಲಸಿಬಿಟ್ಟಾಗ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ನಾಲ್ವರನ್ನು ಅ, ಬ, ಕ, ಡ ಎಂದು ಕರೆಯೋಣ. ಕಾರು ಅ ಅವರದು. ಅವರ ಮನೆಯಿಂದ ಆಫೀಸಿಗೆ ನೇರ ದಾರಿ 28 ಕಿ.ಮೀ.; ಉಳಿದವರನ್ನು ಹತ್ತಿಸಿಕೊಂಡು ಹೋದರೆ 30 ಕಿ.ಮೀ. ಹೋಗಿಬಂದರೆ ದಿನಕ್ಕೆ 60 ಕಿ.ಮೀ. ಈ ತಿಂಗಳಲ್ಲಿ ಕೆಲಸದ ದಿನಗಳು 22. ಅ ಎರಡು ದಿನ ರಜೆ ಹಾಕಿದ್ದರಿಂದ ಪೂಲ್ ಕಾರು ಓಡಿದ್ದು 20 ದಿನ, ಅಂದರೆ 1200 ಕಿ.ಮೀ. ಇಲ್ಲಿ ಬರುವ ದರಗಳೆಲ್ಲ ಲೆಕ್ಕ ಸುಲಭವಾಗಲಿ ಎಂದು ಇಟ್ಟುಕೊಂಡ ದುಂಡು ಸಂಖ್ಯೆಗಳು. ಅವುಗಳ ಜಾಗದಲ್ಲಿ ನಿಮ್ಮ ದರಗಳನ್ನು ಹಾಕಿಕೊಂಡರಾಯಿತು.

ಮೊದಲು ಕಿಲೋಮೀಟರ್, ಆಮೇಲೆ ಪೆಟ್ರೋಲ್

ಪೆಟ್ರೋಲ್ ಖರ್ಚನ್ನು ಬಿಲ್ಲಿನಿಂದ ಹಿಡಿಯಬಾರದು, ಓಡಿದ ದೂರದಿಂದ ಹಿಡಿಯಬೇಕು. ಬಂಕಿನಲ್ಲಿ ಕೊಟ್ಟ ಹಣ ಕಾರಿನ ಇಡೀ ತಿಂಗಳ ಓಡಾಟದ್ದು. ಅದರಲ್ಲಿ ಪೂಲ್‌ನ ಭಾಗ ಎಷ್ಟು ಎಂದು ಹೇಳುವುದು ಕಿಲೋಮೀಟರ್ ಮಾತ್ರ. ಕಾರು ಓಡಿದ ದಿನಗಳನ್ನು ದಿನದ ದೂರದಿಂದ ಗುಣಿಸಿದರೆ ಅದು ಸಿಗುತ್ತದೆ. ಆ ದಿನದ ದೂರವನ್ನು ಮೊಬೈಲಿನ ಮ್ಯಾಪ್ ನೋಡಿ ಹಾಕುವ ಬದಲು ಒಂದು ದಿನ ಟ್ರಿಪ್ ಮೀಟರನ್ನು ಸೊನ್ನೆಗೆ ತಂದು ಹೋಗಿಬಂದು ನೋಡಿಕೊಳ್ಳಿ. ಏಕಮುಖ ರಸ್ತೆ, ಯೂ ಟರ್ನ್, ಪಾರ್ಕಿಂಗಿನಲ್ಲಿ ಸುತ್ತಿ ಏರುವ ದಾರಿ ಎಲ್ಲ ಸೇರಿ ಮ್ಯಾಪಿನ ದೂರಕ್ಕಿಂತ ಸ್ವಲ್ಪ ಹೆಚ್ಚು ಬರಬಹುದು.

ಇನ್ನು ಮೈಲೇಜ್. ಕಂಪನಿ ಹೇಳುವ ಅಂಕಿ ಪರೀಕ್ಷೆಯ ಪರಿಸ್ಥಿತಿಯದು. ನಾಲ್ಕು ಜನ ಕೂತು, ಎಸಿ ಹಾಕಿಕೊಂಡು, ಬೆಳಗಿನ ದಟ್ಟಣೆಯಲ್ಲಿ ನಿಂತು ನಿಂತು ಹೋಗುವ ಕಾರಿನದಲ್ಲ. ಡ್ಯಾಶ್‌ಬೋರ್ಡಿನ ಸರಾಸರಿಯೂ ಅಂದಾಜೇ, ಸಾಮಾನ್ಯವಾಗಿ ವಾಸ್ತವಕ್ಕಿಂತ ಸ್ವಲ್ಪ ಚೆನ್ನಾಗಿಯೇ ತೋರಿಸುತ್ತದೆ. ನಂಬಬಹುದಾದದ್ದು ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಅಳೆಯುವ ಹಳೆಯ ವಿಧಾನ. ತಿಂಗಳ ಮೊದಲ ದಿನ ನಳಿಕೆ ತಾನಾಗಿ ಮೊದಲ ಬಾರಿ ಕಟ್ ಆಗುವ ತನಕ ತುಂಬಿಸಿ, ಓಡೋಮೀಟರ್ ಓದಿ ಬರೆದಿಟ್ಟುಕೊಳ್ಳಿ. ಆಮೇಲೆ ತಿಂಗಳಿಡೀ ತುಂಬಿಸಿದ ಲೀಟರುಗಳನ್ನು ಬರೆಯುತ್ತ ಹೋಗಿ. ಕೊನೆಯ ದಿನ ಅದೇ ಬಂಕಿನಲ್ಲಿ ಮತ್ತೆ ಮೊದಲ ಕಟ್ ಆಗುವ ತನಕ ತುಂಬಿಸಿ. ಕಟ್ ಆದ ಮೇಲೂ ಒತ್ತಿ ಒತ್ತಿ ತುಂಬಿಸಿದರೆ ಅಳತೆಯೇ ಕೆಟ್ಟುಹೋಗುತ್ತದೆ, ಏಕೆಂದರೆ ಎರಡೂ ಸಲ ಟ್ಯಾಂಕ್ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ.

ಒಂದೇ ಸಲದ 10 ಲೀಟರಿನ ಮೇಲೆ ಮೈಲೇಜ್ ತೆಗೆಯಬಾರದು ಎನ್ನುವುದಕ್ಕೂ ಇದೇ ಕಾರಣ. ಟ್ಯಾಂಕಿನ ಮಟ್ಟದಲ್ಲಿ ಒಂದು ಲೀಟರ್ ಆಚೀಚೆಯಾದರೂ 10 ಲೀಟರಿನಲ್ಲಿ ಅದು ನೂರಕ್ಕೆ ಹತ್ತರಷ್ಟು ತಪ್ಪು; ಇಡೀ ತಿಂಗಳ 100 ಲೀಟರಿನಲ್ಲಿ ನೂರಕ್ಕೆ ಒಂದರಷ್ಟು ಮಾತ್ರ.

ನಮ್ಮ ಉದಾಹರಣೆಯಲ್ಲಿ ತಿಂಗಳಲ್ಲಿ ಓಡೋಮೀಟರ್ 1545 ಕಿ.ಮೀ. ಮುಂದೆ ಹೋಗಿದೆ, ತುಂಬಿಸಿದ ಪೆಟ್ರೋಲ್ 103 ಲೀಟರ್. ಮೈಲೇಜ್ 15. ಈ 1545ರಲ್ಲಿ ಪೂಲ್‌ನದು 1200, ಉಳಿದ 345 ಅ ಅವರ ಸ್ವಂತದ್ದು. ಹಾಗಾಗಿ ಪೂಲ್‌ಗೆ ಹೋದ ಪೆಟ್ರೋಲ್ 80 ಲೀಟರ್. ತಿಂಗಳ ನಡುವೆ ದರ ಬದಲಾಗಿದ್ದರೆ ಯಾವ ದರ ಹಿಡಿಯಬೇಕೆಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ: ಬಂಕಿಗೆ ಕೊಟ್ಟ ಒಟ್ಟು ಹಣವನ್ನು ಒಟ್ಟು ಲೀಟರಿನಿಂದ ಭಾಗಿಸಿದರೆ ಸರಾಸರಿ ದರ ಬರುತ್ತದೆ. ಅದು 100 ರೂಪಾಯಿ ಎಂದಿಟ್ಟುಕೊಂಡರೆ ಪೂಲ್‌ನ ಇಂಧನ ಖರ್ಚು 8000. ಬಿಲ್ಲು ನೋಡಿ ಹಂಚಿದ್ದರೆ 10,300 ಆಗುತ್ತಿತ್ತು. ಅ ಅವರ ಸ್ವಂತ ಓಡಾಟದ 2300 ರೂಪಾಯಿಯಲ್ಲಿ ಮುಕ್ಕಾಲು ಪಾಲನ್ನು ಉಳಿದವರು ತಮಗೆ ಗೊತ್ತಿಲ್ಲದೆಯೇ ಕೊಡುತ್ತಿದ್ದರು.

ಇಲ್ಲೊಂದು ಸಣ್ಣ ಕೊಸರು ಇದೆ. ಸ್ವಂತ ಓಡಾಟ ಹೆದ್ದಾರಿಯದಾಗಿದ್ದರೆ ಅದರ ಮೈಲೇಜ್ ಚೆನ್ನಾಗಿರುತ್ತದೆ, ಪೂಲ್‌ನ ಓಡಾಟದ್ದು ಕಡಿಮೆ ಇರುತ್ತದೆ. ಎರಡರ ಸರಾಸರಿ ಹಿಡಿದರೆ ಅ ಅವರಿಗೆ ಸ್ವಲ್ಪ ನಷ್ಟ. ಸ್ವಂತ ಓಡಾಟ ಕಾಲು ಭಾಗಕ್ಕಿಂತ ಕಡಿಮೆ ಇರುವಾಗ ಇದನ್ನು ಬಿಟ್ಟುಬಿಡಬಹುದು. ಊರಿಗೆ ಹೋಗಿಬಂದು ಒಂದೇ ತಿಂಗಳಲ್ಲಿ ಸಾವಿರ ಕಿಲೋಮೀಟರ್ ಸ್ವಂತಕ್ಕೆ ಓಡಿಸಿದ್ದರೆ ಆ ತಿಂಗಳ ಮೈಲೇಜ್ ಬಳಸದೆ ಹಿಂದಿನ ತಿಂಗಳದ್ದನ್ನೇ ಇಟ್ಟುಕೊಳ್ಳುವುದು ನ್ಯಾಯ.

ಟೋಲ್ ಮತ್ತು ಪಾರ್ಕಿಂಗ್

ಇವೆರಡೂ ಕಣ್ಣಿಗೆ ಕಾಣುವ ಖರ್ಚು, ರಸೀದಿ ಸಿಗುತ್ತದೆ. ತಪ್ಪಾಗುವುದು ಪಾಸ್ ಕೊಳ್ಳುವ ಹೊತ್ತಿಗೆ. ಒಂದು ಕಡೆಗೆ ಟೋಲ್ 60, ಅದೇ ದಿನ ಹೋಗಿಬಂದರೆ 90, ತಿಂಗಳ ಪಾಸ್ 2000 ಎಂದುಕೊಳ್ಳಿ. ಪಾಸ್ ಅಗ್ಗ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ 2000ವನ್ನು 90ರಿಂದ ಭಾಗಿಸಿದರೆ 22ಕ್ಕಿಂತ ತುಸು ಹೆಚ್ಚು: ಅಂದರೆ ತಿಂಗಳಲ್ಲಿ 23 ದಿನ ಓಡಿದರೆ ಮಾತ್ರ ಪಾಸಿನಿಂದ ಲಾಭ. ನಮ್ಮ ಕಾರು 20 ದಿನ ಓಡಿದೆ, ದಿನದ ದರದಲ್ಲಿ 1800 ರೂಪಾಯಿ. ಪಾಸ್ ಕೊಂಡಿದ್ದರೆ 200 ಹೆಚ್ಚಾಗುತ್ತಿತ್ತು. ಪಾಸ್ ಲೆಕ್ಕ ಹಾಕುವಾಗ ಕ್ಯಾಲೆಂಡರಿನ ಕೆಲಸದ ದಿನಗಳನ್ನು ನೋಡದೆ, ಕಳೆದ ಮೂರು ತಿಂಗಳು ಕಾರು ನಿಜವಾಗಿ ಎಷ್ಟು ದಿನ ಓಡಿತ್ತು ಎಂದು ನೋಡಬೇಕು. ಕಾರಿನವರು ವಾರದ ಕೊನೆಯಲ್ಲೂ ಅದೇ ಟೋಲ್ ದಾಟುವವರಾದರೆ ಪಾಸ್ ಅವರಿಗೆ ಲಾಭದ್ದೇ. ಆಗ ಪೂಲ್ ಕೊಡಬೇಕಾದ್ದು 1800 ಮಾತ್ರ, ಮೇಲಿನ 200 ಅವರದು.

ಪಾರ್ಕಿಂಗ್ ಸ್ವಲ್ಪ ಬೇರೆ ಜಾತಿಯ ಖರ್ಚು. ದಿನಕ್ಕೆ 80 ಕೊಟ್ಟರೆ 20 ದಿನಕ್ಕೆ 1600. ತಿಂಗಳ ಜಾಗ ಹಿಡಿದರೆ 1500. ಹಾಗಾಗಿ ತಿಂಗಳದ್ದೇ ಸರಿ. ಆದರೆ ಒಮ್ಮೆ ಹಿಡಿದ ಮೇಲೆ ಕಾರು ಬರಲಿ ಬಿಡಲಿ, ಒಬ್ಬರು ಬರಲಿ ನಾಲ್ವರು ಬರಲಿ, ಆ 1500 ಕರಗುವುದಿಲ್ಲ. ಈ ಗುಣವನ್ನು ನೆನಪಿಟ್ಟುಕೊಳ್ಳಿ, ಹಂಚುವಾಗ ಬೇಕಾಗುತ್ತದೆ.

ಸವೆತ: ರಸೀದಿಯಿಲ್ಲದ ಖರ್ಚು

ಹೆಚ್ಚಿನ ಗುಂಪುಗಳು ಬಿಟ್ಟುಬಿಡುವುದು ಇದನ್ನೇ, ಏಕೆಂದರೆ ಇದಕ್ಕೆ ಈ ತಿಂಗಳು ಯಾರೂ ಹಣ ಕೊಟ್ಟಿರುವುದಿಲ್ಲ. ಆದರೆ 1200 ಕಿಲೋಮೀಟರ್ ಓಡಿದ ಕಾರಿನಲ್ಲಿ ಅಷ್ಟರಮಟ್ಟಿಗೆ ಟೈರು ಸವೆದಿದೆ, ಆಯಿಲ್ ಹಳತಾಗಿದೆ, ಮಾರುವ ಬೆಲೆ ಇಳಿದಿದೆ. ಅದು ಕಾರಿನವರ ಒಬ್ಬರದೇ ಸವೆತವಲ್ಲ.

ಸವೆತದ ಲೆಕ್ಕಕ್ಕೆ ಒಂದೇ ಒಂದು ಒರೆಗಲ್ಲು: ಕಾರು ಓಡದೆ ಮನೆಮುಂದೆ ನಿಂತಿದ್ದರೂ ಈ ಖರ್ಚು ಬರುತ್ತಿತ್ತೇ? ಬರುತ್ತಿತ್ತು ಎಂದಾದರೆ ಅದು ಪೂಲ್‌ಗೆ ಸೇರದು. ವಿಮೆ, ರಸ್ತೆ ತೆರಿಗೆ, ಸಾಲದ ಬಡ್ಡಿ, ವರ್ಷ ಕಳೆದಂತೆ ಇಳಿಯುವ ಬೆಲೆ ಇವೆಲ್ಲ ನಿಂತ ಕಾರಿಗೂ ಇರುವ ಖರ್ಚು. ಬ್ಯಾಟರಿಯೂ ಹೆಚ್ಚಾಗಿ ಓಡಿದ ದೂರಕ್ಕಿಂತ ವಯಸ್ಸಿನಿಂದಲೇ ಸಾಯುತ್ತದೆ, ಅದನ್ನೂ ಬಿಡಬಹುದು. ಕಾರಿನವರು ಕಾರು ಬೇಕೆಂದು ಕೊಂಡಿದ್ದಾರೆ, ಇವು ಅವರವು. ಓಡಿದ್ದರಿಂದಲೇ ಬಂದದ್ದು ಮಾತ್ರ ಹಂಚಿಕೆಗೆ.

ಟೈರಿನಿಂದ ಶುರುಮಾಡೋಣ. ನಾಲ್ಕು ಟೈರಿನ ಸೆಟ್ 24,000 ರೂಪಾಯಿ. ಎಷ್ಟು ಕಿಲೋಮೀಟರ್ ಬರುತ್ತದೆ ಎಂದು ಅಂಗಡಿಯವರನ್ನು ಕೇಳುವ ಬದಲು ನಿಮ್ಮ ಟೈರನ್ನೇ ಕೇಳಬಹುದು. ಹೊಸ ಟೈರಿನ ಕಚ್ಚಿನ ಆಳ ಸಾಮಾನ್ಯವಾಗಿ 7–8 ಮಿ.ಮೀ. ಇರುತ್ತದೆ. ಕಚ್ಚಿನ ತಳದಲ್ಲಿ ಅಡ್ಡಲಾಗಿ ಸಣ್ಣ ದಿಂಡುಗಳಿರುತ್ತವೆ. ಟೈರು ಸವೆದು ಆ ದಿಂಡಿನ ಮಟ್ಟಕ್ಕೆ ಬಂತೆಂದರೆ ಉಳಿದಿರುವುದು 1.6 ಮಿ.ಮೀ. ಮಾತ್ರ, ಬದಲಿಸಲೇಬೇಕು. ಮಳೆಯಲ್ಲಿ ಜಾರದಿರಲು 2 ಮಿ.ಮೀ.ಗೇ ಬದಲಿಸುವುದು ಒಳ್ಳೆಯದು. ಈಗ ನಿಮ್ಮ ಟೈರು 8ರಿಂದ ಶುರುವಾಗಿ 20,000 ಕಿ.ಮೀ. ಓಡಿದ ಮೇಲೆ 5 ಮಿ.ಮೀ. ಉಳಿದಿದೆ ಎನ್ನಿ. 3 ಮಿ.ಮೀ. ಹೋಗಿದೆ, ಒಟ್ಟು ಹೋಗಬಹುದಾದದ್ದು 6. ಅಂದರೆ ಆಯುಷ್ಯ 40,000 ಕಿ.ಮೀ. 24,000ವನ್ನು 40,000ದಿಂದ ಭಾಗಿಸಿದರೆ ಕಿಲೋಮೀಟರಿಗೆ 60 ಪೈಸೆ. ಮುಂದಿನ ಮತ್ತು ಹಿಂದಿನ ಟೈರುಗಳು ಒಂದೇ ಸಮ ಸವೆಯುವುದಿಲ್ಲ, ಆದ್ದರಿಂದ ನಾಲ್ಕನ್ನೂ ಅಳೆದು ಸರಾಸರಿ ಹಿಡಿಯಿರಿ.

ಸರ್ವಿಸ್ ಸುಲಭ. 10,000 ಕಿ.ಮೀ.ಗೆ ಒಮ್ಮೆ ಆಯಿಲ್, ಫಿಲ್ಟರ್, ಅಲೈನ್‌ಮೆಂಟ್ ಎಲ್ಲ ಸೇರಿ 7000 ಆದರೆ ಕಿಲೋಮೀಟರಿಗೆ 70 ಪೈಸೆ. ಬ್ರೇಕ್ ಪ್ಯಾಡ್, ಕ್ಲಚ್, ಸಸ್ಪೆನ್ಷನ್ ಬುಶ್‌ನಂಥ ದೀರ್ಘ ಬಾಳಿಕೆಯ ಬಿಡಿಭಾಗಗಳಿಗೆ, ಪಂಕ್ಚರಿಗೆ ಎಲ್ಲ ಸೇರಿಸಿ 20 ಪೈಸೆ ಇಡೋಣ. ಇವುಗಳನ್ನು ಒಂದೊಂದಾಗಿ ಲೆಕ್ಕ ಹಾಕುವ ಶ್ರಮಕ್ಕೆ ತಕ್ಕ ಫಲ ಇಲ್ಲ; ದಟ್ಟಣೆಯಲ್ಲೇ ಓಡುವ ಕಾರಾದರೆ ಕ್ಲಚ್ ಬೇಗ ಹೋಗುವುದರಿಂದ 30 ಪೈಸೆಗೆ ಏರಿಸಿಕೊಳ್ಳಿ.

ಉಳಿದದ್ದು ಸವಕಳಿ, ಅಂದರೆ ಬೆಲೆ ಇಳಿತ. ಇದನ್ನು ಎರಡು ರೀತಿಯಲ್ಲಿ ತಪ್ಪು ಹಿಡಿಯುತ್ತಾರೆ. ಕೆಲವರು ಪೂರ್ತಿ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಕಾರಿನ ಬೆಲೆ 10 ಲಕ್ಷ, ಆಯುಷ್ಯ 2 ಲಕ್ಷ ಕಿ.ಮೀ., ಹಾಗಾಗಿ ಕಿಲೋಮೀಟರಿಗೆ 5 ರೂಪಾಯಿ ಎಂದು ಪಟ್ಟನೆ ಹೇಳಿಬಿಡುತ್ತಾರೆ. ಎರಡನೆಯದರಲ್ಲಿ ಕಾರಿಗೆ ವಯಸ್ಸಾದದ್ದರಿಂದ ಇಳಿಯುವ ಬೆಲೆಯೂ ಸೇರಿಕೊಂಡಿದೆ. ಅದು ಒರೆಗಲ್ಲಿನಲ್ಲಿ ನಿಲ್ಲುವುದಿಲ್ಲ. ಓಡಿದ್ದರಿಂದ ಮಾತ್ರ ಎಷ್ಟು ಇಳಿಯಿತು ಎಂದು ಬಿಡಿಸಿ ನೋಡಲು ಒಂದು ಒಳ್ಳೆಯ ದಾರಿ ಇದೆ. ಹಳೆ ಕಾರುಗಳ ಜಾಹೀರಾತಿನಲ್ಲಿ ಅದೇ ಮಾಡೆಲ್, ಅದೇ ವರ್ಷ, ಅದೇ ಎಂಜಿನ್ನಿನ ಎರಡು ಕಾರು ಹುಡುಕಿ, ಒಂದು ಕಡಿಮೆ ಓಡಿದ್ದು, ಇನ್ನೊಂದು ಹೆಚ್ಚು ಓಡಿದ್ದು. ಮೊದಲನೆಯದು 40,000 ಕಿ.ಮೀ. ಓಡಿ 5,20,000ಕ್ಕೆ ಇದೆ, ಎರಡನೆಯದು 80,000 ಓಡಿ 4,60,000ಕ್ಕೆ ಇದೆ ಎನ್ನಿ. ವಯಸ್ಸು ಒಂದೇ, ಆದ್ದರಿಂದ 60,000 ರೂಪಾಯಿಯ ವ್ಯತ್ಯಾಸಕ್ಕೆ ಕಾರಣ 40,000 ಕಿಲೋಮೀಟರ್ ಓಟ. ಕಿಲೋಮೀಟರಿಗೆ 1.50. ಒಂದೇ ಜೋಡಿ ನೋಡಿ ನಿರ್ಧರಿಸಬೇಡಿ, ನಾಲ್ಕೈದು ಜೋಡಿ ನೋಡಿ ನಡುವಿನ ಸಂಖ್ಯೆ ಹಿಡಿಯಿರಿ. ಅಪಘಾತವಾದ ಕಾರು, ಹೊಸ ಟೈರು ಹಾಕಿಸಿದ ಕಾರು ಮಧ್ಯೆ ಬಂದರೆ ಲೆಕ್ಕ ಓಲಾಡುತ್ತದೆ.

ಎಲ್ಲ ಕೂಡಿಸಿದರೆ 0.60 + 0.70 + 0.20 + 1.50, ಕಿಲೋಮೀಟರಿಗೆ 3 ರೂಪಾಯಿ. 1200 ಕಿ.ಮೀ.ಗೆ 3600.

ಇದನ್ನು ಬಿಟ್ಟರೆ ಏನಾಗುತ್ತದೆ? ತಿಂಗಳಿಗೆ 1200ರಂತೆ 40,000 ಕಿ.ಮೀ. ಆಗಲು ಸುಮಾರು 33 ತಿಂಗಳು ಸಾಕು. ಅಷ್ಟರಲ್ಲಿ ಪೂಲ್‌ನಿಂದಾದ ಸವೆತ 1,20,000 ರೂಪಾಯಿ. ಅದರಲ್ಲಿ ಮುಕ್ಕಾಲು ಪಾಲು, 90,000, ಉಳಿದ ಮೂವರಿಂದ ಬರಬೇಕಾದದ್ದು. ಅದು ಕಾರಿನವರ ಜೇಬಿನಿಂದ ಸದ್ದಿಲ್ಲದೆ ಹೋಗಿರುತ್ತದೆ. ಒಂದು ದಿನ ನಾಲ್ಕು ಟೈರು ಬದಲಿಸಿದ ಬಿಲ್ಲು ಕೈಗೆ ಬಂದಾಗ ಅವರಿಗೆ ಅರಿವಾಗುತ್ತದೆ, ಆದರೆ ಅಷ್ಟು ಹೊತ್ತಿಗೆ ಕೇಳಲು ಮುಜುಗರ.

ಯಾರ ತಲೆಗೆ ಎಷ್ಟು

ಒಟ್ಟು ಖರ್ಚು ಈಗ ಸಿಕ್ಕಿತು: ಇಂಧನ 8000, ಟೋಲ್ 1800, ಪಾರ್ಕಿಂಗ್ 1500, ಸವೆತ 3600, ಒಟ್ಟು 14,900. ನಾಲ್ಕು ಪಾಲು ಮಾಡಿದರೆ ತಲಾ 3725. ಎಲ್ಲರೂ 20 ದಿನವೂ ಬಂದಿದ್ದರೆ ಇಲ್ಲಿಗೇ ಮುಗಿಯಿತು. ಅ ಅವರೂ ಒಂದು ತಲೆ ಎಂಬುದು ಮರೆಯಬಾರದು. ಕಾರು ಅವರದೆಂದು ಮೂರರಿಂದ ಭಾಗಿಸುವುದೂ, ಡ್ರೈವ್ ಮಾಡುವ ಶ್ರಮಕ್ಕೆಂದು ಅವರ ಪಾಲು ಬಿಟ್ಟುಬಿಡುವುದೂ ಕೆಲವು ಕಡೆ ಇದೆ. ಡ್ರೈವಿಂಗಿಗೆ ರಿಯಾಯಿತಿ ಕೊಡಬೇಕೆನಿಸಿದರೆ ಕೊಡಿ, ಆದರೆ ಅದನ್ನು ರಿಯಾಯಿತಿ ಎಂದೇ ಬರೆಯಿರಿ, ಖರ್ಚಿನೊಳಗೆ ಬಚ್ಚಿಡಬೇಡಿ.

ಈ ತಿಂಗಳು ಅ ಮತ್ತು ಬ 20 ದಿನವೂ ಬಂದಿದ್ದಾರೆ. ಕ 18 ದಿನ. ಡ 14 ದಿನ. ತಾನು ಆರು ದಿನ ಕೂರದ ಕಾರಿಗೆ ಪೂರ್ತಿ ಪಾಲು ಏಕೆ ಕೊಡಬೇಕು ಎಂದು ಡ ಕೇಳಿದರೆ ಅದರಲ್ಲಿ ತಪ್ಪಿಲ್ಲ. ಆದರೆ ಬ ಹೇಳುವುದೂ ಸರಿ: ಡ ಬರದಿದ್ದರೆ ಪೆಟ್ರೋಲ್ ಉರಿಯುವುದು ನಿಲ್ಲುವುದಿಲ್ಲ, ಟೋಲ್ ಇಳಿಯುವುದಿಲ್ಲ, ಅವರು ಬಿಟ್ಟ ಪಾಲು ಬಂದವರ ತಲೆಯ ಮೇಲೆ ಬೀಳುತ್ತದೆ. ಎರಡೂ ನ್ಯಾಯದ ಮಾತೇ ಆಗಿರುವುದರಿಂದ ಖರ್ಚನ್ನೇ ಎರಡು ರಾಶಿ ಮಾಡಬೇಕು.

ಯಾರು ಬಂದರೂ ಬಿಟ್ಟರೂ ಕಟ್ಟಲೇಬೇಕಾದದ್ದು ಒಂದು ರಾಶಿ. ಇಲ್ಲಿ ತಿಂಗಳ ಪಾರ್ಕಿಂಗ್; ಟೋಲ್ ಪಾಸ್ ಕೊಂಡಿದ್ದರೆ ಅದೂ ಇದರಲ್ಲೇ. ಇದು ಸೀಟು ಕಾದಿರಿಸಿಕೊಂಡದ್ದರ ಬೆಲೆ, ಆದ್ದರಿಂದ ಸಮಪಾಲು: 1500ರಲ್ಲಿ ತಲಾ 375. ಓಡಿದ್ದಕ್ಕೆ ಬಂದ ಖರ್ಚು ಇನ್ನೊಂದು ರಾಶಿ: 13,400. ಇದನ್ನು ಸೀಟು-ದಿನದ ಮೇಲೆ ಹಂಚಬೇಕು. ಒಬ್ಬರು ಒಂದು ದಿನ ಬಂದರೆ ಅದು ಒಂದು ಸೀಟು-ದಿನ. ಬೆಳಿಗ್ಗೆ ಮಾತ್ರ ಬಂದು ಸಂಜೆ ಬೇರೆ ದಾರಿ ಹಿಡಿದರೆ ಅರ್ಧ.

ಇದಕ್ಕೆ ಒಂದು ಷರತ್ತು ಸೇರಿಸದಿದ್ದರೆ ಬ ಅವರ ದೂರು ಉಳಿದೇ ಉಳಿಯುತ್ತದೆ. ಹಿಂದಿನ ರಾತ್ರಿಯೊಳಗೆ ಬರುವುದಿಲ್ಲ ಎಂದು ತಿಳಿಸಿದರೆ ಆ ದಿನ ಲೆಕ್ಕಕ್ಕಿಲ್ಲ. ತಿಳಿಸದೆ ತಪ್ಪಿಸಿಕೊಂಡರೆ ಬಂದಂತೆಯೇ ಲೆಕ್ಕ. ಮುಂಚೆ ತಿಳಿದಿದ್ದರೆ ಆ ಸೀಟಿಗೆ ಇನ್ನೊಬ್ಬರನ್ನು ಕರೆಯಬಹುದಿತ್ತು, ಅವರ ಮನೆಯ ಕಡೆಗಿನ ಸುತ್ತು ಉಳಿಸಬಹುದಿತ್ತು. ತಿಳಿಸದೆ ಹೋದಾಗ ಕಾರು ಅವರ ಗೇಟಿನ ಮುಂದೆ ಐದು ನಿಮಿಷ ಕಾದು ಖಾಲಿ ಸೀಟಿನೊಂದಿಗೆ ಹೊರಡುತ್ತದೆ. ಡ ತಪ್ಪಿಸಿದ ಆರು ದಿನಗಳಲ್ಲಿ ನಾಲ್ಕನ್ನು ಮುಂಚೆ ತಿಳಿಸಿದ್ದರು, ಎರಡನ್ನು ತಿಳಿಸಿರಲಿಲ್ಲ. ಹಾಗಾಗಿ ಅವರದು 16 ಸೀಟು-ದಿನ. ಕ ಎರಡೂ ದಿನ ತಿಳಿಸಿಯೇ ರಜೆ ಹಾಕಿದ್ದರು, ಅವರದು 18.

ಒಟ್ಟು ಸೀಟು-ದಿನ 20 + 20 + 18 + 16 = 74. 13,400ವನ್ನು 74ರಿಂದ ಭಾಗಿಸಿದರೆ ಸೀಟು-ದಿನಕ್ಕೆ 181 ರೂಪಾಯಿ 8 ಪೈಸೆ. ಅದಕ್ಕೆ 375 ಸೇರಿಸಿದರೆ ಅ 3997, ಬ 3997, ಕ 3634, ಡ 3272. ನಾಲ್ಕನ್ನೂ ಕೂಡಿಸಿದರೆ ಸರಿಯಾಗಿ 14,900 ಬರುತ್ತದೆ; ಪ್ರತಿ ತಿಂಗಳೂ ಹೀಗೆ ಕೂಡಿಸಿ ತಾಳೆ ನೋಡುವುದು ಒಳ್ಳೆಯದು, ಹಾಜರಿ ಬರೆಯುವಾಗ ಒಂದು ದಿನ ತಪ್ಪಿದ್ದರೂ ಎಲ್ಲರ ಪಾಲೂ ಅಲುಗಾಡಿರುತ್ತದೆ.

ಇದನ್ನು ಸ್ಪ್ರೆಡ್‌ಶೀಟಿನಲ್ಲಿ ಇಟ್ಟುಕೊಂಡರೆ ತಿಂಗಳಿಗೆ ಐದು ನಿಮಿಷದ ಕೆಲಸ. B1ರಲ್ಲಿ ಪೂಲ್ ಕಿಲೋಮೀಟರ್, B2ರಲ್ಲಿ ಮೈಲೇಜ್, B3ರಲ್ಲಿ ಲೀಟರಿನ ಸರಾಸರಿ ದರ, B4ರಲ್ಲಿ ಟೋಲ್, B5ರಲ್ಲಿ ಕಿಲೋಮೀಟರಿನ ಸವೆತ, B6ರಲ್ಲಿ ಪಾರ್ಕಿಂಗ್. E2ರಿಂದ E5ರವರೆಗೆ ನಾಲ್ವರ ಸೀಟು-ದಿನ. B7ರಲ್ಲಿ ಮೊದಲ ಸೂತ್ರ, F2ರಲ್ಲಿ ಎರಡನೆಯದು. F2ವನ್ನು F5ರವರೆಗೆ ಕೆಳಗೆ ಎಳೆದರೆ ಎಲ್ಲರ ಪಾಲೂ ಬರುತ್ತದೆ.

```
B7: =B1/B2*B3+B4+B1*B5
F2: =$B$7*E2/SUM($E$2:$E$5)+$B$6/COUNT($E$2:$E$5)
```

ಒಬ್ಬರು ತಿಂಗಳಿಡೀ ಬಾರದಿದ್ದರೂ ಸೀಟು ಇಟ್ಟುಕೊಂಡಿದ್ದರೆ ಅವರ ಸಾಲಿನಲ್ಲಿ 0 ಬರೆಯಿರಿ, ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಸೂತ್ರ ಅವರನ್ನು ಎಣಿಸದೆ ಪಾರ್ಕಿಂಗನ್ನು ಮೂರರಿಂದ ಭಾಗಿಸುತ್ತದೆ, ಆದರೆ ನಾಲ್ಕೂ ಸಾಲಿಗೆ ತಲಾ 500 ಹಾಕಿಬಿಡುತ್ತದೆ, ಒಟ್ಟು ತಾಳೆಯಾಗುವುದಿಲ್ಲ.

“ಕಾರಿನವರಿಗೆ ಪುಕ್ಕಟೆ ಪ್ರಯಾಣ” ಎಂಬ ಗುಮಾನಿ

ಈ ಲೆಕ್ಕ ಮೇಜಿನ ಮೇಲೆ ಬಂದಾಗ ಯಾರಾದರೊಬ್ಬರು ಗಮನಿಸಿಯೇ ಗಮನಿಸುತ್ತಾರೆ. ಅ ಈ ತಿಂಗಳು ನಿಜವಾಗಿ ಕೈಯಿಂದ ಕೊಟ್ಟದ್ದು 8000 + 1800 + 1500 = 11,300. ಉಳಿದ ಮೂವರಿಂದ ಅವರಿಗೆ ಬರುವುದು 3997 + 3634 + 3272 = 10,903. ಅಂದರೆ ಅವರ ಜೇಬಿನಿಂದ ಹೋದದ್ದು ಬರೀ 397 ರೂಪಾಯಿ! ಉಳಿದವರು ಮೂರು, ನಾಲ್ಕು ಸಾವಿರ ಕೊಡುತ್ತಿರುವಾಗ ಇದನ್ನು ನೋಡಿದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ.

ಆದರೆ ಅದೇ ತಿಂಗಳಲ್ಲಿ ಅವರ ಕಾರಿನಿಂದ 3600 ರೂಪಾಯಿ ಕರಗಿದೆ, ಅದರ ಬಿಲ್ಲು ಇನ್ನೂ ಬಂದಿಲ್ಲ ಅಷ್ಟೆ. 397ಕ್ಕೆ 3600 ಸೇರಿಸಿದರೆ 3997, ಬ ಅವರ ಪಾಲಿನಷ್ಟೇ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಕಣ್ಣಿಗೆ ಕಾಣುವಂತೆ ಮಾಡುವುದು ಮೇಲು. 3600ರಲ್ಲಿ ಅರ್ಧ, 1800, ಟೈರು, ಸರ್ವಿಸ್ ಮತ್ತು ಬಿಡಿಭಾಗಗಳದು; ಮುಂದೆ ಇದು ನಗದಾಗಿ ಹೋಗಲೇಬೇಕಾದ ಹಣ. ಇದನ್ನು ಅ ಪ್ರತಿ ತಿಂಗಳೂ ಬೇರೆ ಖಾತೆಗೆ ಹಾಕಿಟ್ಟರೆ, ಸರ್ವಿಸ್ ದಿನ ಬಂದಾಗ ಅದರಿಂದಲೇ ಕಟ್ಟಿ ಬಿಲ್ಲನ್ನು ಗುಂಪಿಗೆ ತೋರಿಸಬಹುದು. ಆ ಬಿಲ್ಲಿನ ಪೂರ್ತಿ ಮೊತ್ತವನ್ನು ಪೂಲ್ ಖಾತೆಯಿಂದ ತೆಗೆಯಬಾರದು ಎಂಬುದೂ ನೆನಪಿರಲಿ, ಏಕೆಂದರೆ ಕಾರು ಓಡಿದ ದೂರದಲ್ಲಿ ಅವರ ಸ್ವಂತದ್ದೂ ಇದೆ: ನಮ್ಮ ತಿಂಗಳಂತೆ 1545ರಲ್ಲಿ 1200 ಪೂಲ್‌ನದಾದರೆ 7000ದ ಬಿಲ್ಲಿನಲ್ಲಿ ಪೂಲ್ ಖಾತೆಯದು ಸುಮಾರು 5400. ಇನ್ನರ್ಧ 1800 ಬೆಲೆ ಇಳಿತದ್ದು. ಅದು ಕಾರು ಮಾರುವ ದಿನವೇ ಕಾಣುವುದು, ಆದ್ದರಿಂದ ಅದನ್ನು ಅ ಹೇಗೆ ಬೇಕಾದರೂ ಇಟ್ಟುಕೊಳ್ಳಲಿ.

ಖಾತೆಯ ಹಣ ವರ್ಷಕ್ಕೊಮ್ಮೆ ನೋಡಿದಾಗ ಬೆಳೆಯುತ್ತಲೇ ಇದ್ದರೆ ಗಾಬರಿಯಾಗಬೇಕಿಲ್ಲ, ಟೈರಿನ ಬಿಲ್ಲು ಬರುವ ತನಕ ಹಾಗೆ ಬೆಳೆಯಲೇಬೇಕು. ಟೈರು ಹಾಕಿಸಿದ ಮೇಲೂ ದೊಡ್ಡ ಮೊತ್ತ ಉಳಿದಿದ್ದರೆ ಮಾತ್ರ ಕಿಲೋಮೀಟರಿನ ದರ ಹೆಚ್ಚಾಗಿದೆ ಎಂದರ್ಥ, ಇಳಿಸಬೇಕು.

ದರವನ್ನು ಹೀಗೆ ಖರ್ಚಿನ ಮಟ್ಟದಲ್ಲೇ ಹಿಡಿದಿಡುವುದಕ್ಕೆ ಇನ್ನೊಂದು ಗಟ್ಟಿ ಕಾರಣವೂ ಇದೆ. ಖರ್ಚು ಹಂಚಿಕೊಳ್ಳುವುದಕ್ಕೂ ಬಾಡಿಗೆಗೆ ಜನರನ್ನು ಒಯ್ಯುವುದಕ್ಕೂ ಹಲವು ದೇಶಗಳ ಕಾನೂನು ಮತ್ತು ವಿಮೆ ಕಂಪನಿಗಳು ಗೆರೆ ಎಳೆಯುತ್ತವೆ. ಕಾರಿನವರಿಗೆ ಲಾಭ ಉಳಿಯತೊಡಗಿದರೆ ಖಾಸಗಿ ಕಾರಿನ ವಿಮೆ ಅಪಘಾತದ ಹೊತ್ತಿಗೆ ಕೈಕೊಡಬಹುದು. ಪೂಲ್ ಶುರುಮಾಡುವ ಮೊದಲು ಪಾಲಿಸಿಯ ಷರತ್ತು ಓದಿ, ಪ್ರತಿ ತಿಂಗಳ ಹಾಳೆಯನ್ನು ಉಳಿಸಿಟ್ಟುಕೊಳ್ಳಿ.

ಸುತ್ತು ದಾರಿ, ಅರ್ಧ ದಾರಿ

ನೇರ ದಾರಿಗಿಂತ 2 ಕಿ.ಮೀ. ಹೆಚ್ಚು ಎಂದು ಮೊದಲೇ ನೋಡಿದೆವು. ದಿನಕ್ಕೆ 4, ತಿಂಗಳಿಗೆ 80 ಕಿ.ಮೀ. ಇಂಧನ ಕಿಲೋಮೀಟರಿಗೆ 6.67, ಸವೆತ 3, ಒಟ್ಟು 9.67. 80 ಕಿ.ಮೀ.ಗೆ ಸುಮಾರು 773 ರೂಪಾಯಿ. ನಮ್ಮ ಹಾಳೆಯಲ್ಲಿ ಇದನ್ನು ನಾಲ್ವರೂ ಹಂಚಿಕೊಂಡಿದ್ದಾರೆ, ತಲಾ ಇನ್ನೂರರ ಆಸುಪಾಸು. ಮೂವರನ್ನೂ ಹತ್ತಿಸಿಕೊಳ್ಳಲು ಆದ ಸುತ್ತಾದರೆ ಹೀಗೆ ಹಂಚುವುದೇ ಸರಿ. ಆದರೆ ಇಡೀ ಸುತ್ತು ಒಬ್ಬರ ಮನೆ ಬಾಗಿಲಿಗೆ ಹೋಗುವುದಕ್ಕಾಗಿಯೇ ಆಗಿದ್ದರೆ ಅವರ ಮುಂದೆ ಎರಡು ದಾರಿ: ಮುಖ್ಯ ರಸ್ತೆಗೆ ನಡೆದು ಬರುವುದು, ಇಲ್ಲವೇ 773 ತಾವೇ ಭರಿಸುವುದು. ಹಣಕ್ಕಿಂತ ಹೆಚ್ಚಾಗಿ ಬೆಳಗಿನ ಹತ್ತು ನಿಮಿಷ ಎಲ್ಲರದೂ ಹೋಗುತ್ತದೆ, ಅದಕ್ಕೆ ಹಾಳೆಯಲ್ಲಿ ಜಾಗವಿಲ್ಲ. ಹಾಗಾಗಿ ನಡೆದು ಬರುವುದನ್ನೇ ಮೊದಲು ಕೇಳಿ ನೋಡಿ.

ಒಬ್ಬರು ನಡುದಾರಿಯಲ್ಲಿ ಹತ್ತುವವರಾದರೆ ಲೆಕ್ಕ ಇನ್ನೊಂದು ತಿರುವು ತೆಗೆದುಕೊಳ್ಳುತ್ತದೆ. ಡ ಹತ್ತುವುದು ಆಫೀಸಿಗೆ 18 ಕಿ.ಮೀ. ಉಳಿದಿರುವಾಗ, ಎಲ್ಲರೂ ಎಲ್ಲ ದಿನವೂ ಬಂದಿದ್ದಾರೆ ಎಂದುಕೊಳ್ಳೋಣ. ಇಂಧನ ಮತ್ತು ಸವೆತ ಸೇರಿ 11,600. ಪ್ರತಿ ಕಿಲೋಮೀಟರಿನ ಖರ್ಚನ್ನು ಆಗ ಕಾರಿನಲ್ಲಿ ಕೂತವರಿಗೇ ಹಂಚುವುದು ಒಂದು ಕ್ರಮ: ಮೊದಲ 12 ಕಿ.ಮೀ. ಮೂವರಿಗೆ, ಉಳಿದ 18 ನಾಲ್ವರಿಗೆ. ಆಗ ಡ ಕೊಡುವುದು 1740, ಉಳಿದವರು ತಲಾ 3287. ನೋಡಲು ಚೊಕ್ಕವಾಗಿದ್ದರೂ ಇದು ಉಳಿದವರಿಗೆ ಭಾರ, ಏಕೆಂದರೆ ಮೊದಲ 12 ಕಿ.ಮೀ. ಆ ಸೀಟು ಖಾಲಿ ಹೋಗುವುದು ಡ ಅವರಿಗಾಗಿಯೇ. ಅದಕ್ಕಿಂತ ಕೂತ ದೂರದ ಅನುಪಾತದಲ್ಲಿ ಹಂಚುವುದು ಮೇಲು: 30 + 30 + 30 + 18 = 108 ಪಾಲು, ಡ 1933, ಉಳಿದವರು ತಲಾ 3222. ಹಾಳೆಯಲ್ಲಿ ಇದಕ್ಕೆ ಸೂತ್ರ ಬದಲಿಸಬೇಕಿಲ್ಲ. 18ನ್ನು 30ರಿಂದ ಭಾಗಿಸಿದರೆ 0.6, ಡ ಅವರ ಸೀಟು-ದಿನವನ್ನು ಅದರಿಂದ ಗುಣಿಸಿ ಬರೆದರೆ ಸಾಕು. ಹಾಗೆ ಮಾಡಿದಾಗ ಟೋಲ್ ಕೂಡ ಅದೇ ಅನುಪಾತದಲ್ಲಿ ಹಂಚಿಹೋಗುತ್ತದೆ. ಟೋಲ್ ಗೇಟು ಡ ಹತ್ತುವ ಜಾಗಕ್ಕಿಂತ ಮುಂಚೆಯೇ ಸಿಗುವುದಾದರೆ ಟೋಲನ್ನು B4ರಿಂದ ತೆಗೆದು ಮೂವರಿಗೆ ಪ್ರತ್ಯೇಕವಾಗಿ ಹಾಕಿ. ಹತ್ತುವ ಜಾಗಗಳ ಅಂತರ ಐದಾರು ಕಿಲೋಮೀಟರಿನೊಳಗಿದ್ದರೆ ಇದೆಲ್ಲ ಬೇಡ, ಎಲ್ಲರೂ ಪೂರ್ತಿ ದಾರಿಯವರೇ.

ಮೊದಲೇ ಮಾತಾಡಿ ಬರೆದಿಡಬೇಕಾದದ್ದು

ಪಂಕ್ಚರ್ ಸವೆತದ 20 ಪೈಸೆಯೊಳಗೆ ಬಂತು, ಬೇರೆ ಕೇಳುವಂತಿಲ್ಲ. ವೇಗಮಿತಿ ಮೀರಿದ ಅಥವಾ ಸಿಗ್ನಲ್ ಹಾರಿದ ದಂಡ ಸ್ಟೀರಿಂಗ್ ಹಿಡಿದವರದು. ಅಪಘಾತವಾದರೆ ವಿಮೆ ಕೊಟ್ಟ ಮೇಲೂ ಕಾರಿನವರು ಕೈಯಿಂದ ಹಾಕಬೇಕಾದ ಒಂದು ಮೊತ್ತ ಉಳಿಯುತ್ತದೆ, ಮುಂದಿನ ವರ್ಷ ವಿಮೆಯ ಕಂತಿನ ರಿಯಾಯಿತಿಯೂ ಹೋಗಬಹುದು. ಅದು ಕಾರಿನವರದೇ ಅಥವಾ ಎಲ್ಲರದೇ ಎಂಬುದನ್ನು ಅಪಘಾತವಾದ ಮೇಲೆ ತೀರ್ಮಾನಿಸಲು ಹೊರಟರೆ ಗೆಳೆತನವೂ ಉಳಿಯುವುದಿಲ್ಲ. ಪೂಲ್ ಹೊರಡುವ ಮೊದಲ ವಾರವೇ ಒಂದು ಸಾಲಿನಲ್ಲಿ ಬರೆದಿಟ್ಟುಬಿಡಿ.

ದರಗಳನ್ನು ಪ್ರತಿ ತಿಂಗಳೂ ಕೆದಕಬೇಕಾಗಿಲ್ಲ. ಪೂಲ್ ಕಿಲೋಮೀಟರ್, ಪೆಟ್ರೋಲಿನ ಸರಾಸರಿ ದರ, ಟೋಲ್ ಮತ್ತು ಸೀಟು-ದಿನ ಮಾತ್ರ ತಿಂಗಳು ತಿಂಗಳೂ ಹೊಸದು. ಮೈಲೇಜನ್ನು ಮೂರು ತಿಂಗಳಿಗೊಮ್ಮೆ ಅಳೆಯಿರಿ; ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕುಸಿದಿದ್ದರೆ ಹಂಚಿಕೆಗೆ ಕೈ ಹಾಕುವ ಮೊದಲು ಟೈರಿನ ಗಾಳಿ, ಏರ್ ಫಿಲ್ಟರ್, ಹಿಡಿದುಕೊಂಡೇ ಇರುವ ಬ್ರೇಕ್ ಇವನ್ನು ನೋಡಿಸಬೇಕು. ಓಡಿ ಬಂದು ನಿಲ್ಲಿಸಿದ ಕೂಡಲೇ ನಾಲ್ಕು ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ: ಒಂದು ಚಕ್ರ ಮಾತ್ರ ಅದರ ಜೋಡಿಗಿಂತ ಎದ್ದು ಕಾಣುವಷ್ಟು ಬಿಸಿಯಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಅದರ ರಿಪೇರಿ ಆಗುವ ತನಕ ಹೆಚ್ಚಾಗಿ ಉರಿದ ಪೆಟ್ರೋಲನ್ನು ಗುಂಪಿನ ಮೇಲೆ ಹಾಕದೆ, ಹಳೆಯ ಮೈಲೇಜಿನಲ್ಲೇ ಹಾಳೆ ತುಂಬುವುದು ಸರಿಯಾದ ಕ್ರಮ. ಸವೆತದ 3 ರೂಪಾಯಿಯನ್ನು ವರ್ಷಕ್ಕೊಮ್ಮೆ, ಸರ್ವಿಸ್ ಬಿಲ್ಲು ಕೈಯಲ್ಲಿ ಹಿಡಿದುಕೊಂಡು, ಟೈರಿನ ಆಳ ಮತ್ತೊಮ್ಮೆ ಅಳೆದು ತಿದ್ದಿದರೆ ಸಾಕು.